ಎರೆ ನೆಲದ ಕಾಲುವೆ ಹೊದಿಕೆ: ಸೋರಿಕೆ ಎಲ್ಲಿದೆ, ಎಷ್ಟಿದೆ, ಮೊದಲು ಯಾವುದನ್ನು ಕೀಳಬೇಕು

ಧೂಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆ ಮುಧೋಳ, ಜಮಖಂಡಿ ಕಡೆಯ ಎರೆ ನೆಲವನ್ನು ಮುಟ್ಟುವಷ್ಟರಲ್ಲಿ ಹತ್ತಾರು ವಿತರಣಾ ಕಾಲುವೆಗಳಾಗಿ ಕವಲೊಡೆದಿರುತ್ತದೆ. ಪ್ರತಿ ಹಂಗಾಮಿನಲ್ಲೂ ಈ ಕಾಲುವೆಗಳಿಂದ ಬರುವ ದೂರು ಒಂದೇ: ಕೊನೆಯ ತೂಬಿಗೆ ನೀರು ತಲುಪುತ್ತಿಲ್ಲ. ಉತ್ತರವೂ ಬಹುತೇಕ ಒಂದೇ: ಕಾಂಕ್ರೀಟ್ ಹೊದಿಕೆ ಹಾಳಾಗಿದೆ, ಪೂರ್ತಿ ಕಿತ್ತು ಹೊಸದಾಗಿ ಹಾಕಬೇಕು. ಅಂದಾಜುಪಟ್ಟಿ ಸಿದ್ಧವಾಗುತ್ತದೆ, ಅನುದಾನಕ್ಕಾಗಿ ಕಾಯುತ್ತದೆ. ಅಷ್ಟರಲ್ಲಿ ನಾಲ್ಕು ಹಂಗಾಮು ಕಳೆದಿರುತ್ತವೆ.

ಹೊದಿಕೆಯ ಬಿರುಕು ಕಣ್ಣಿಗೆ ಕಾಣುತ್ತದೆ, ಸೋರಿಕೆ ಕಾಣುವುದಿಲ್ಲ. ಇವೆರಡನ್ನೂ ಒಂದೇ ಎಂದು ತಿಳಿಯುವುದೇ ಸಮೀಕ್ಷೆ ದಾರಿ ತಪ್ಪುವ ಮೊದಲ ಜಾಗ. ಎರೆ ಮಣ್ಣಿನಲ್ಲಿ ದೋಷ ಸಾಮಾನ್ಯವಾಗಿ ಕಾಂಕ್ರೀಟಿನ ಮುಖದಲ್ಲಿರುವುದಿಲ್ಲ, ಅದರ ಬೆನ್ನ ಹಿಂದೆ ಇರುತ್ತದೆ. ಅದೂ ಇಡೀ ಉದ್ದಕ್ಕೆ ಹರಡಿರುವುದಿಲ್ಲ, ಕೆಲವು ನೂರು ಮೀಟರಿನಲ್ಲಿ ಕುಳಿತಿರುತ್ತದೆ. ಅದನ್ನು ಪತ್ತೆ ಮಾಡುವ ಕ್ರಮವನ್ನು ಒಂದು ಮಾದರಿ ಕಾಲುವೆಯ ಲೆಕ್ಕದೊಂದಿಗೆ ಇಲ್ಲಿ ವಿವರಿಸಿದ್ದೇನೆ.

ಮಾದರಿ ಕಾಲುವೆ

ಮುಧೋಳ ಭಾಗದ ಎರೆ ನೆಲದಲ್ಲಿ ಸಾಗುವ ಒಂದು ವಿತರಣಾ ಕಾಲುವೆ ಎಂದುಕೊಳ್ಳೋಣ. ತಳದ ಅಗಲ 1 ಮೀಟರ್, ಬದಿಯ ಇಳಿಜಾರು ಒಂದಕ್ಕೆ ಒಂದೂವರೆ, ತಳದ ಇಳಿಕೆ 2500 ಮೀಟರಿಗೆ 1 ಮೀಟರ್. ಪೂರ್ಣ ಆಳ 90 ಸೆಂ.ಮೀ. ಇದ್ದಾಗ ಸೆಕೆಂಡಿಗೆ ಸುಮಾರು 1,480 ಲೀಟರ್, ಅಂದರೆ 52 ಕ್ಯುಸೆಕ್ ಹರಿಯುತ್ತದೆ. ದೂರು ಹೆಚ್ಚಾಗಿ ಇರುವುದು 3ನೇ ಕಿ.ಮೀ.ನಿಂದ 6ನೇ ಕಿ.ಮೀ.ವರೆಗಿನ ತುಂಡಿನ ಬಗ್ಗೆ. ಇಲ್ಲಿ ಕಾಲುವೆ ಸ್ವಲ್ಪ ದೂರ ನೆಲ ಕೊರೆದು ಸಾಗುತ್ತದೆ, ಸ್ವಲ್ಪ ದೂರ ಎತ್ತರಿಸಿದ ಏರಿಯ ಮೇಲೆ ಸಾಗುತ್ತದೆ, ನಡುವೆ ಒಂದು ಹಳ್ಳವನ್ನು ಮೋರಿಯ ಮೇಲಿಂದ ದಾಟುತ್ತದೆ.

ಮೊದಲ ಪ್ರಶ್ನೆ: ನೀರು ಸೋರುತ್ತಿದೆಯೋ, ಹೋಗುತ್ತಿದೆಯೋ?

ಈ ತುಂಡಿನ ಎಲ್ಲ ತೂಬುಗಳನ್ನು ಮುಚ್ಚಿಸಿ, ಎರಡೂ ತುದಿಗಳಲ್ಲಿ ಹರಿವನ್ನು ಅಳೆಯಬೇಕು. ನೀರಿನ ವೇಗ ಅಳೆಯುವ ಕರೆಂಟ್ ಮೀಟರ್ ಒಂದೇ ಇರಲಿ. ಎರಡು ಕಡೆಗೆ ಎರಡು ಮೀಟರ್ ಬಳಸಿದರೆ ಅವುಗಳ ನಡುವಿನ ವ್ಯತ್ಯಾಸವೇ ಸೋರಿಕೆಯಾಗಿ ಕಾಣಿಸುತ್ತದೆ. ಅಳೆಯುವ ಮುನ್ನ ನೀರಿನ ಮಟ್ಟ ಕೆಲವು ಗಂಟೆ ಕದಲದೆ ನಿಂತಿರಬೇಕು, ಅಳೆಯುವ ಜಾಗದಲ್ಲಿ ಹೂಳು ಇರಬಾರದು.

ಹಗಲಲ್ಲಿ ಅಳೆದಾಗ ಮೇಲ್ತುದಿಯಲ್ಲಿ ಸೆಕೆಂಡಿಗೆ 928 ಲೀಟರ್, ಕೆಳತುದಿಯಲ್ಲಿ 843 ಲೀಟರ್ ಬಂತು. ನಷ್ಟ 85 ಲೀಟರ್. ಆಗ ನೀರಿನ ಆಳ 72 ಸೆಂ.ಮೀ., ನೀರು ತಾಗುವ ಸುತ್ತಳತೆ 3.6 ಮೀಟರ್. ಮೂರು ಕಿ.ಮೀ.ಗೆ ನೆನೆಯುವ ಮೇಲ್ಮೈ 10,800 ಚದರ ಮೀಟರ್ ಆಗುತ್ತದೆ.

ಈ 85 ಲೀಟರನ್ನು ಹಾಗೆಯೇ ವರದಿಗೆ ಬರೆಯುವ ಮುನ್ನ ಎರಡು ಸಂಗತಿಗಳನ್ನು ನೋಡಬೇಕು. ಮೊದಲನೆಯದು, ಕಾಲುವೆಯಲ್ಲಿ ಎಷ್ಟೇ ಎಚ್ಚರಿಕೆಯಿಂದ ಅಳೆದರೂ ಶೇ 5ರಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. 928 ಲೀಟರಿನಲ್ಲಿ ಅದೇ 46 ಲೀಟರ್. ಎರಡನೆಯದು, ಗಟ್ಟಿಯಾದ ಹೊದಿಕೆಯ ಕಾಲುವೆಗೆ ಭಾರತೀಯ ಮಾನಕ ಬಳಸುವ ಸೋರಿಕೆಯ ಅಳತೆ ದಶಲಕ್ಷ ಚದರ ಮೀಟರಿಗೆ ಸೆಕೆಂಡಿಗೆ 0.6 ಘನ ಮೀಟರ್, ಅಂದರೆ ನಿಂತ ನೀರು ದಿನಕ್ಕೆ ಸುಮಾರು 52 ಮಿ.ಮೀ. ಇಂಗಿದಂತೆ. ಅದರಂತೆ ನಮ್ಮ ತುಂಡು ಸೋರಬೇಕಾದ್ದು ಸೆಕೆಂಡಿಗೆ ಆರೂವರೆ ಲೀಟರ್. ಹೊದಿಕೆಯೇ ಇಲ್ಲದ ಮಣ್ಣಿನ ಕಾಲುವೆಗೆ ಜೇಡಿ ಬೆರೆತ ನೆಲದಲ್ಲಿ 1.8ರಿಂದ 2.5 ಘನ ಮೀಟರ್ ಹಿಡಿಯುತ್ತಾರೆ. ಮೇಲಿನ ಮಿತಿಯನ್ನೇ ಹಿಡಿದರೂ 27 ಲೀಟರ್ ಆಗುತ್ತದೆ.

ಅಂದರೆ ಕಾಂಕ್ರೀಟನ್ನೆಲ್ಲ ಕಿತ್ತು ಬಿಸಾಡಿದರೂ ಇಷ್ಟು ನೀರು ಹೋಗುವಂತಿಲ್ಲ. 85 ಎಂಬ ಸಂಖ್ಯೆ ಸೋರಿಕೆಯದ್ದಲ್ಲ. ಅದರಲ್ಲಿ ತೂತು ಇದೆ, ಇಲ್ಲವೇ ಪಂಪು ಇದೆ, ಹೆಚ್ಚಾಗಿ ಎರಡೂ ಇವೆ.

ಇದನ್ನು ಬಿಡಿಸಲು ಸುಲಭದ ದಾರಿಯೊಂದಿದೆ. ಹೊಲಗಳಿಗೆ ತ್ರೀ ಫೇಸ್ ವಿದ್ಯುತ್ ಇಲ್ಲದ ಹೊತ್ತಿನಲ್ಲಿ, ಅದೇ ಮೀಟರ್ ಹಿಡಿದು, ಅದೇ ಜಾಗಗಳಲ್ಲಿ ಮತ್ತೆ ಅಳೆಯಬೇಕು. ನಮ್ಮ ಮಾದರಿಯಲ್ಲಿ ಆಗ ನಷ್ಟ 49 ಲೀಟರಿಗೆ ಇಳಿಯಿತು. ಎರಡೂ ಸಲ ಮೀಟರಿನ ದೋಷ ಒಂದೇ ದಿಕ್ಕಿನಲ್ಲಿರುವುದರಿಂದ, ಈ ಇಳಿಕೆಯನ್ನು ಒಂಟಿ ಅಳತೆಗಿಂತ ಹೆಚ್ಚು ನಂಬಬಹುದು. ಹೋದ 36 ಲೀಟರ್ ನಾಲ್ಕೈದು ಪಂಪುಗಳ ಕೆಲಸ. ಯಾರ ಪಂಪು ಎಂಬುದು ನೀರಗಂಟಿಗೆ ಗೊತ್ತಿರುತ್ತದೆ. ಅದನ್ನು ನೀರು ಬಳಕೆದಾರರ ಸಂಘದ ಸಭೆಯಲ್ಲಿ ಇತ್ಯರ್ಥ ಮಾಡಬೇಕೇ ಹೊರತು ಕಾಂಕ್ರೀಟಿನಿಂದ ಅಲ್ಲ.

ಆಮೇಲೆ ಮುಚ್ಚಿದ ತೂಬುಗಳ ಕೆಳಗೆ ಹೊಲಗಾಲುವೆಯಲ್ಲಿ ನಿಂತು ನೋಡಬೇಕು. ಗೇಟಿನ ಅಡಿಯಲ್ಲಿ ಕಲ್ಲು ಸಿಕ್ಕಿಕೊಂಡಿರುತ್ತದೆ, ರಬ್ಬರ್ ಪಟ್ಟಿ ಹರಿದಿರುತ್ತದೆ, ಕೆಲವು ಕಡೆ ಗೇಟೇ ಇರುವುದಿಲ್ಲ, ಗೋಣಿಚೀಲ ತುರುಕಿರುತ್ತಾರೆ. ಬಕೆಟ್ ಮತ್ತು ಗಡಿಯಾರ ಹಿಡಿದು, ದೊಡ್ಡ ಸೋರಿಕೆಗೆ ತಗಡಿನ ತ್ರಿಕೋನ ಕಚ್ಚು ಇಟ್ಟು ಅಳೆದಾಗ ಎಲ್ಲ ತೂಬುಗಳಿಂದ ಒಟ್ಟು 18 ಲೀಟರ್ ಬಂತು. ಈಗ ಹೊದಿಕೆಯ ಲೆಕ್ಕಕ್ಕೆ ಉಳಿದದ್ದು ಸುಮಾರು 31 ಲೀಟರ್.

ಎರಡನೆಯ ಪ್ರಶ್ನೆ: ಯಾವ ಜಾಗದಲ್ಲಿ?

ಇದಕ್ಕೆ ಕಾಲುವೆ ಒಣಗಿದಾಗ ತಳದಲ್ಲೇ ನಡೆಯಬೇಕು. ಏರಿಯ ಮೇಲೆ ಬೈಕಿನಲ್ಲಿ ಹೋಗಿ ಮಾಡಿದ ಸಮೀಕ್ಷೆ ಸಮೀಕ್ಷೆಯಲ್ಲ. ಪ್ರತಿ 25 ಮೀಟರಿಗೆ ಒಂದು ಸಾಲು ಬರೆಯಿರಿ: ಬಿರುಕು ಯಾವ ದಿಕ್ಕಿಗಿದೆ, ತಳದಿಂದ ಎಷ್ಟು ಎತ್ತರದಲ್ಲಿದೆ, ಚಪ್ಪಡಿ ಒಳಗೆ ಉಬ್ಬಿದೆಯೋ ಹೊರಗೆ ಕುಸಿದಿದೆಯೋ, ಸುತ್ತಿಗೆಯಿಂದ ಬಡಿದರೆ ಟೊಳ್ಳು ದನಿ ಬರುತ್ತದೆಯೋ. ಏರಿಯ ಹೊರ ಬುಡವನ್ನೂ ನೋಡಬೇಕು. ಬೇಸಿಗೆಯಲ್ಲೂ ಹಸಿರಾಗಿರುವ ಆಪಿನ ಹುಲ್ಲು, ಬಿಳಿ ಉಪ್ಪು, ಕೆಸರು ಇವು ಸೋರಿಕೆಯ ಗುರುತುಗಳು. ಆದರೆ ಈ ಭಾಗದಲ್ಲಿ ಇವನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಕಬ್ಬಿಗೆ ಅತಿಯಾಗಿ ನೀರು ಹಾಯಿಸಿ ಸವಳು-ಜವಳಾದ ಹೊಲವೂ ಹಾಗೆಯೇ ಕಾಣುತ್ತದೆ. ಕಾಲುವೆ ನಿಂತು ಎರಡು ವಾರವಾದರೂ ಕೆಸರು ಆರದಿದ್ದರೆ ಅದು ಬಹುಶಃ ಹೊಲದ ನೀರು.

ಬಿರುಕಿನ ಆಕಾರವೇ ಅರ್ಧ ಕಾರಣವನ್ನು ಹೇಳುತ್ತದೆ. ಬದಿಯ ಚಪ್ಪಡಿಯ ನಡುಭಾಗಕ್ಕಿಂತ ಕೆಳಗೆ, ಕಾಲುವೆಯ ಉದ್ದಕ್ಕೂ ಅಡ್ಡಬಿರುಕು ಬಿದ್ದು, ಅಲ್ಲಿ ಚಪ್ಪಡಿ ಒಳಕ್ಕೆ ಉಬ್ಬಿದ್ದರೆ ಹಿಂದಿನ ಎರೆ ಮಣ್ಣು ನೀರು ಕುಡಿದು ಹಿಗ್ಗಿ ತಳ್ಳಿದೆ. ಚಪ್ಪಡಿ ಇಡಿಯಾಗಿ ಕೆಳಗೆ ಜಾರಿ ಮೇಲಂಚಿನಲ್ಲಿ ಸಂದು ಬಿಟ್ಟಿದ್ದರೆ, ಗೇಟನ್ನು ಥಟ್ಟನೆ ಇಳಿಸಿದಾಗ ಕಾಲುವೆಯ ನೀರು ಹೋಗಿ ಹಿಂದಿನ ನೀರು ಉಳಿದು ನೂಕಿದೆ. ತಳದ ಕಾಂಕ್ರೀಟ್ ಮೇಲೆದ್ದಿದ್ದರೆ, ಅದೂ ನೆಲ ಕೊರೆದ ಭಾಗದಲ್ಲಿ, ಸುತ್ತಲಿನ ಅಂತರ್ಜಲದ ಒತ್ತಡ ಕಾರಣ. ಎಲ್ಲ ಕಡೆ ಜಾಲದಂತೆ ಹರಡಿದ ಕೂದಲೆಳೆಯ ಬಿರುಕು ನೋಡಲು ಭಯಂಕರ, ಆದರೆ ಅದು ಹೆಚ್ಚಾಗಿ ಬಿಸಿಲಲ್ಲಿ ಸರಿಯಾಗಿ ನೀರುಣಿಸದ ಕಾಂಕ್ರೀಟಿನ ಗುರುತು. ಫೋಟೋಗಳಲ್ಲಿ ಅತಿ ಹೆಚ್ಚು ಜಾಗ ಪಡೆಯುವುದೂ, ಅತಿ ಕಡಿಮೆ ನೀರು ಕಳೆಯುವುದೂ ಇದೇ.

ನಮ್ಮ ತುಂಡಿನಲ್ಲಿ 1,900 ಮೀಟರ್ ಗಟ್ಟಿಯಾಗಿತ್ತು, 850 ಮೀಟರ್ ಬಿರುಕು ಬಿಟ್ಟಿದ್ದರೂ ಜಾಗ ಬಿಟ್ಟಿರಲಿಲ್ಲ, ಹಳ್ಳದ ಮೋರಿಯ ಎರಡೂ ಕಡೆ ಸೇರಿ 250 ಮೀಟರಿನಲ್ಲಿ ಚಪ್ಪಡಿಗಳು ಉಬ್ಬಿ ಒಡೆದಿದ್ದವು.

ಮೂರನೆಯ ಪ್ರಶ್ನೆ: ಎಷ್ಟು? ನೀರು ಕಟ್ಟಿ ನೋಡುವುದು

ಹರಿಯುವ ನೀರಿನಲ್ಲಿ ಹತ್ತಿಪ್ಪತ್ತು ಲೀಟರಿನ ವ್ಯತ್ಯಾಸ ಹಿಡಿಯಲಾಗದು. ನಿಂತ ನೀರಿನಲ್ಲಿ ಮಿ.ಮೀ. ಕೂಡ ಹಿಡಿಯಬಹುದು. ಆದ್ದರಿಂದ ಮೂರು ಬಗೆಯ ಜಾಗದಲ್ಲಿ ತಲಾ 200 ಮೀಟರ್ ಉದ್ದಕ್ಕೆ ಮರಳಿನ ಚೀಲ ಮತ್ತು ಪ್ಲಾಸ್ಟಿಕ್ ಹಾಳೆಯಿಂದ ಅಡ್ಡಕಟ್ಟು ಹಾಕಿ ನೀರು ನಿಲ್ಲಿಸಬೇಕು. ಒಂದು ಕೊಳಕ್ಕೆ ಸುಮಾರು 300 ಘನ ಮೀಟರ್ ನೀರು ಬೇಕು. ಟ್ಯಾಂಕರಿನಲ್ಲಿ ತರುವ ಮಾತಲ್ಲ. ಬೇಸಿಗೆಯಲ್ಲಿ ಕುಡಿಯುವ ನೀರಿಗಾಗಿ ಕಾಲುವೆಗೆ ನೀರು ಬಿಡುತ್ತಾರಲ್ಲ, ಅದು ನಿಲ್ಲುವ ದಿನಕ್ಕೆ ಚೀಲಗಳನ್ನು ಸಿದ್ಧವಾಗಿಟ್ಟುಕೊಂಡರೆ ಸಾಕು.

ಅಡ್ಡಕಟ್ಟು ಸೋರಿದರೆ ಅಳತೆ ಕೆಡುತ್ತದೆ. ಅದಕ್ಕೆ ಎರಡು ಕಟ್ಟುಗಳನ್ನು ಹತ್ತಿರ ಹತ್ತಿರ ಹಾಕಿ, ನಡುವಿನ ನೀರನ್ನು ಕೊಳದ ಮಟ್ಟಕ್ಕೇ ಇಡಬೇಕು. ಎರಡೂ ಕಡೆ ಮಟ್ಟ ಸಮ ಇದ್ದರೆ ನೀರು ಯಾವ ಕಡೆಗೂ ನುಸುಳುವುದಿಲ್ಲ. ಪಕ್ಕದಲ್ಲೇ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟು ಆವಿಯಾದದ್ದನ್ನು ಕಳೆಯಬೇಕು. ಇಲ್ಲಿ ದಿನಕ್ಕೆ 8 ಮಿ.ಮೀ. ಹಿಡಿದಿದ್ದೇನೆ. ಒಣಗಿದ ಮಣ್ಣು ಮೊದಲ ದಿನ ಹೆಚ್ಚು ಕುಡಿಯುವುದರಿಂದ, ಗಟ್ಟಿ ಮತ್ತು ಬಿರುಕಿನ ಕೊಳಗಳಲ್ಲಿ ಒಂದು ದಿನ ನೆನೆಸಿದ ಮೇಲಷ್ಟೇ ಅಳತೆ ಶುರು ಮಾಡಬೇಕು. ಲೆಕ್ಕ ಇಷ್ಟೇ:

```
ಸೋರಿಕೆ (ಮಿ.ಮೀ./ದಿನ) = ಮಟ್ಟದ ನಿವ್ವಳ ಇಳಿಕೆ × ನೀರಿನ ಮೇಲಗಲ ÷ ನೆನೆದ ಸುತ್ತಳತೆ
```

ಆಳ 72 ಸೆಂ.ಮೀ. ಇದ್ದಾಗ ಮೇಲಗಲ 3.16 ಮೀಟರ್, ಸುತ್ತಳತೆ 3.6 ಮೀಟರ್. ಗಟ್ಟಿ ಭಾಗದ ಕೊಳ ದಿನಕ್ಕೆ 62 ಮಿ.ಮೀ. ಇಳಿಯಿತು. ಆವಿ ಕಳೆದು 54, ಸೂತ್ರಕ್ಕೆ ಹಾಕಿದರೆ 47 ಮಿ.ಮೀ. ಇದು 52ರ ಮಿತಿಯೊಳಗೇ ಇದೆ. ಬಿರುಕಿನ ಭಾಗದ ಕೊಳ 118 ಮಿ.ಮೀ. ಇಳಿಯಿತು, ಲೆಕ್ಕಕ್ಕೆ 97 ಬಂತು. ಮಿತಿಯ ಎರಡು ಪಟ್ಟಿನ ಹತ್ತಿರ, ಆದರೂ ಮಣ್ಣಿನ ಕಾಲುವೆಗಿಂತ ಎಷ್ಟೋ ಮೇಲು.

ಮೂರನೆಯ ಕೊಳದ ವಿಷಯವೇ ಬೇರೆ. ಅಲ್ಲಿ ದಿನಕ್ಕೊಮ್ಮೆ ನೋಡಿದರೆ ಏನೂ ತಿಳಿಯುವುದಿಲ್ಲ, ಗಂಟೆಗೊಮ್ಮೆ ಬರೆಯಬೇಕು. ಮೊದಲ ಗಂಟೆಯಲ್ಲಿ 9 ಸೆಂ.ಮೀ. ಇಳಿಯಿತು. ನಂತರ ಕ್ರಮವಾಗಿ 8, 6, 4, 3 ಸೆಂ.ಮೀ. ಐದು ಗಂಟೆಯಲ್ಲಿ ಆಳ 72ರಿಂದ 42 ಸೆಂ.ಮೀ.ಗೆ ಬಂತು. ಅಲ್ಲಿಂದ ಮುಂದೆ ಇಡೀ ರಾತ್ರಿ ಹನ್ನೆರಡು ಗಂಟೆಯಲ್ಲಿ ಇಳಿದದ್ದು ಎರಡೂವರೆ ಸೆಂ.ಮೀ. ಮಾತ್ರ. ಈ ಎರಡೂವರೆ ಸೆಂ.ಮೀ.ಯನ್ನು ಲೆಕ್ಕ ಹಾಕಿದರೆ ದಿನಕ್ಕೆ ನಲವತ್ತು ಮಿ.ಮೀ. ಆಸುಪಾಸು, ಗಟ್ಟಿ ಭಾಗದಷ್ಟೇ.

ಇಡೀ ಸಮೀಕ್ಷೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಸುಳಿವು ಸಿಗುವುದಿಲ್ಲ. ತಳ ಸೋರುತ್ತಿದ್ದರೆ ಇಳಿಕೆ ನಿಲ್ಲುತ್ತಿರಲಿಲ್ಲ. 42 ಸೆಂ.ಮೀ. ಮಟ್ಟದಲ್ಲಿ ನಿಂತಿತು ಎಂದರೆ ನೀರು ಹೋಗುವ ಬಾಯಿ ಆ ಎತ್ತರದಲ್ಲಿದೆ. ಟಿಪ್ಪಣಿ ತೆಗೆದು ನೋಡಿದರೆ ಅಡ್ಡಬಿರುಕನ್ನು ಬರೆದುಕೊಂಡಿದ್ದೂ ತಳದಿಂದ 40–45 ಸೆಂ.ಮೀ. ಎತ್ತರದಲ್ಲೇ. ಮತ್ತೆ ನೀರು ತುಂಬಿಸಿ ಜೋಳದ ಹೊಟ್ಟು ಚೆಲ್ಲಿದಾಗ ಅದು ಮೋರಿಯ ಪಕ್ಕದ ಕೆಲವು ಚಪ್ಪಡಿಗಳ ಕಡೆಗೆ ತೇಲಿ ಹೋಗಿ ಅಲ್ಲೇ ಸುತ್ತುತ್ತಿತ್ತು.

ಈ ಕೊಳ ಮೊದಲ ಗಂಟೆಯಲ್ಲಿ ಕಳೆದುಕೊಂಡದ್ದು ಸುಮಾರು 54 ಘನ ಮೀಟರ್, ಸೆಕೆಂಡಿಗೆ 15 ಲೀಟರ್. ಕಾಲುವೆ ಹರಿಯುವಾಗಿನ ಆಳಕ್ಕೆ ಹೊಂದುವುದು ಈ ಮೊದಲ ಗಂಟೆಯ ಅಂಕಿಯೇ. ಐದು ಗಂಟೆಯ ಸರಾಸರಿ ತೆಗೆದುಕೊಂಡರೆ 9 ಲೀಟರ್ ಎಂದು ಬಂದು ದೋಷ ಸಣ್ಣದಾಗಿ ಕಾಣುತ್ತದೆ. ಇದೇ ದರದಲ್ಲಿ 250 ಮೀಟರಿಗೆ 19 ಲೀಟರ್. ಬಿರುಕಿನ 850 ಮೀಟರಿಗೆ 3.4 ಲೀಟರ್, ಗಟ್ಟಿಯಾದ 1,900 ಮೀಟರಿಗೆ 3.8 ಲೀಟರ್. ಒಟ್ಟು 26 ಲೀಟರ್. ಹರಿವಿನ ಲೆಕ್ಕ ಹೇಳಿದ 31ಕ್ಕೂ ಇದಕ್ಕೂ ಇರುವ 5 ಲೀಟರಿನ ಅಂತರವನ್ನು ಹುಡುಕಲು ಹೋಗಬೇಡಿ, ಅದು ಅಳತೆಯ ಅನಿಶ್ಚಿತತೆಯೊಳಗೆ ಮುಳುಗುತ್ತದೆ. ಬದಲಿಗೆ ಎರಡೂ ಲೆಕ್ಕಗಳು ಲೀಟರಿಗೆ ಲೀಟರ್ ಹೊಂದಿದ ವರದಿ ಕೈಗೆ ಬಂದರೆ ಅನುಮಾನಿಸಿ.

ಉದ್ದದಲ್ಲಿ ಹನ್ನೆರಡರಲ್ಲಿ ಒಂದು ಪಾಲು, ಸೋರಿಕೆಯಲ್ಲಿ ಮುಕ್ಕಾಲು ಪಾಲು. ಪೂರ್ತಿ ಮೂರು ಕಿ.ಮೀ. ಕೀಳುವ ಪ್ರಸ್ತಾವವನ್ನು ಇಲ್ಲಿಗೆ ಮಡಚಿಡಬಹುದು.

ಬೆನ್ನ ಹಿಂದೆ ಏನಿದೆ?

ಒಡೆದ ಚಪ್ಪಡಿ ಒಂದನ್ನು ಎತ್ತಿ ಹಿಂದೆ ಅಗೆಯದೆ ದುರಸ್ತಿ ಬರೆಯಬಾರದು. ಮಾದರಿ ಕಾಲುವೆಯಲ್ಲಿ ಕಾಂಕ್ರೀಟಿನ ಹಿಂದೆ ಒಂದು ಗೇಣಿಗೂ ಕಡಿಮೆ ಗರಸು, ಅದರ ಹಿಂದೆ ನೇರ ಎರೆ ಮಣ್ಣು ಸಿಕ್ಕಿತು. ಕಾಲುವೆಗೆ ನೀರು ಬಿಟ್ಟಾಗ ಎರೆ ಮಣ್ಣು ಹಿಗ್ಗಿ ಚಪ್ಪಡಿಯನ್ನು ಒಡೆದಿದೆ. ಬೇಸಿಗೆಯಲ್ಲಿ ಕುಗ್ಗಿ ಹಿಂದೆ ಸರಿದು ಸಂದು ಬಿಟ್ಟಿದೆ. ಮುಂದಿನ ಸಲ ನೀರು ಬಿರುಕಿನೊಳಗೆ ನುಗ್ಗಿ ಆ ಸಂದಿನಲ್ಲಿ ಹರಿದು, ಗರಸಿನ ನುಣ್ಣನೆಯ ಕಣಗಳನ್ನು ಕೊಚ್ಚಿಕೊಂಡು ಮೋರಿಯ ಪಕ್ಕದ ಗೋಡೆಯ ಗುಂಟ ಹಳ್ಳಕ್ಕೆ ಇಳಿದಿದೆ. ಮಣ್ಣನ್ನು ಪ್ರಯೋಗಾಲಯಕ್ಕೆ ಕಳಿಸಿ ಹಿಗ್ಗುವ ಒತ್ತಡ ತಿಳಿಯಬೇಕು. ಚದರ ಮೀಟರಿಗೆ 50 ಕಿಲೋನ್ಯೂಟನ್ ದಾಟಿದರೆ ಕಾಂಕ್ರೀಟ್ ಮತ್ತು ಎರೆಯ ನಡುವೆ ಹಿಗ್ಗದ, ಆದರೆ ಅಂಟಿಕೊಳ್ಳುವ ಮಣ್ಣಿನ ಪದರ ಬೇಕೇ ಬೇಕು. ಇಂಜಿನಿಯರುಗಳು ಇದನ್ನು ಸಿಎನ್‌ಎಸ್ ಎನ್ನುತ್ತಾರೆ, ಐಎಸ್ 9451 ಇದರ ಮಾನಕ.

ಗುತ್ತಿಗೆದಾರರು ಇದರ ಜಾಗಕ್ಕೆ ಸಿಕ್ಕ ಗರಸನ್ನೋ ಮರಳನ್ನೋ ತುಂಬುವುದು ರೂಢಿ. ಹಿಗ್ಗುವುದಿಲ್ಲವಲ್ಲ, ಸಾಕಲ್ಲ ಎಂಬ ವಾದ. ಸಾಲದು. ಅಂಟಿಲ್ಲದ ಗರಸು ಕಾಂಕ್ರೀಟಿನ ಹಿಂದೆ ನೀರಿನ ತೊಟ್ಟಿಯಾಗಿ ಎರೆಗೆ ನೀರುಣಿಸುತ್ತದೆ, ಹಿಗ್ಗುವಿಕೆಯನ್ನು ತಡೆಯುವುದಿಲ್ಲ. ಸರಿಯಾದ ಮಣ್ಣಿನಲ್ಲಿ ಜೇಡಿಯ ಪಾಲು ಶೇ 15ರಿಂದ 20, ಸೂಕ್ಷ್ಮ ಮಣ್ಣು ಮತ್ತು ಮರಳು ತಲಾ ಶೇ 30ರಿಂದ 40, ಹಿಗ್ಗುವ ಒತ್ತಡ 10 ಕಿಲೋನ್ಯೂಟನ್‌ಗಿಂತ ಕಡಿಮೆ ಇರಬೇಕು. ಮಣ್ಣು ತರುವ ಗುಂಡಿಯನ್ನು ಪರೀಕ್ಷಿಸಿದರೆ ಸಾಲದು, ಟಿಪ್ಪರ್ ಸುರಿದ ಮೇಲೂ ಮಾದರಿ ತೆಗೆಯಬೇಕು.

ಹಂತಗಳು

ಮೊದಲ ಹಂತಕ್ಕೆ ಒಂದು ಬೇಸಿಗೆ ಸಾಕು, ಮುಂಗಾರಿನ ನೀರು ಬಿಡುವ ಮೊದಲೇ ಮುಗಿಯಬೇಕು. 250 ಮೀಟರಿನ ಹೊದಿಕೆ ಕಿತ್ತು, ತಳ ಮತ್ತು ಬದಿಗಳಲ್ಲಿ 60 ಸೆಂ.ಮೀ. ಎರೆ ತೆಗೆದು, ಬದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ನುಣುಪಾದ ಇಳಿಜಾರಿನ ಮೇಲೆ ತುಂಬಿದ ಮಣ್ಣು ಜಾರುತ್ತದೆ. ಸಿಎನ್‌ಎಸ್ ಮಣ್ಣನ್ನು 15 ಸೆಂ.ಮೀ. ಪದರಗಳಲ್ಲಿ, ಸರಿಯಾದ ಹಸಿಯಲ್ಲಿ ದಮ್ಮಸು ಮಾಡಬೇಕು. ಮೇಲಂಚು ಸೇರಿ ಹೊದಿಕೆಯ ಸುತ್ತಳತೆ 5.3 ಮೀಟರ್ ಹಿಡಿದರೆ ದಮ್ಮಸಾದ ಮಣ್ಣು ಸುಮಾರು 800 ಘನ ಮೀಟರ್, 75 ಮಿ.ಮೀ. ಕಾಂಕ್ರೀಟ್ 100 ಘನ ಮೀಟರ್ ಬೇಕಾಗುತ್ತದೆ. ಕಾಂಕ್ರೀಟಿನ ಅಡಿಗೆ ಪ್ಲಾಸ್ಟಿಕ್ ಹಾಳೆ, ಮೂರು ಮೀಟರಿಗೊಂದು ಸಂದು, ಸಂದಿಗೆ ಡಾಂಬರು ಆಧಾರಿತ ಮುಚ್ಚುಪದಾರ್ಥ. ಮೋರಿಯ ಗೋಡೆ ಮತ್ತು ಹೊದಿಕೆ ಸೇರುವ ಜಾಗವನ್ನು ನಕ್ಷೆಯಲ್ಲಿ ಪ್ರತ್ಯೇಕವಾಗಿ ಬಿಡಿಸಿ ತೋರಿಸಬೇಕು, ಏಕೆಂದರೆ ನೀರು ಹೊರಬಿದ್ದದ್ದು ಅಲ್ಲಿಯೇ. ಮೇ ತಿಂಗಳ ಬಿಸಿಲಿನಲ್ಲಿ ಗೋಣಿ ಹೊದಿಸಿ ಎರಡು ವಾರ ನೀರುಣಿಸಲು ನೀರು ಎಲ್ಲಿಂದ ಬರುತ್ತದೆ ಎಂಬುದನ್ನೂ ಅಂದಾಜಿನಲ್ಲಿ ಬರೆಯಿರಿ. ತೂಬಿನ ಗೇಟುಗಳ ದುರಸ್ತಿ ಇದೇ ಹಂತದಲ್ಲಿ ಸೇರಲಿ. ಅತಿ ಕಡಿಮೆ ಖರ್ಚಿನಲ್ಲಿ 18 ಲೀಟರ್ ಉಳಿಸುವ ಕೆಲಸ ಅದು.

ಹೊದಿಕೆಯಿಂದ ಉಳಿಯುವುದು ಸುಮಾರು ಹದಿನೆಂಟೂವರೆ ಲೀಟರ್, ದಿನಕ್ಕೆ 1,600 ಘನ ಮೀಟರ್. ಆರು ಸೆಂ.ಮೀ. ಆಳದ ಒಂದು ನೀರಾವರಿಗೆ ಇದು ದಿನವೊಂದಕ್ಕೆ ಆರೂವರೆ ಎಕರೆ.

ಎರಡನೆಯ ಹಂತ ಮರುವರ್ಷ ಬಿರುಕಿನ 850 ಮೀಟರಿಗೆ. ಅಲ್ಲಿಯೂ ಎರಡು ಮೂರು ಕಡೆ ಅಗೆದು ನೋಡಿ, ಹಿಂದೆ ಸಿಎನ್‌ಎಸ್ ಪದರ ಇದ್ದರೆ ಬಿರುಕನ್ನು ಕೊರೆದು ಅಗಲಿಸಿ ತುಂಬುವುದು, ಟೊಳ್ಳು ದನಿ ಬಂದ ಕಡೆ ಕಡಿಮೆ ಒತ್ತಡದಲ್ಲಿ ಸಿಮೆಂಟ್–ಬೆಂಟೊನೈಟ್ ಹಾಲು ಹಾಯಿಸುವುದು ಸಾಕು. ಒತ್ತಡ ಹೆಚ್ಚಿಸಿದರೆ ಗಟ್ಟಿ ಚಪ್ಪಡಿಯೂ ಎದ್ದು ಬರುತ್ತದೆ. ಪದರ ಇಲ್ಲದಿದ್ದರೆ ಆ ತುಂಡನ್ನು ಮೊದಲ ಹಂತದ ರೀತಿಯಲ್ಲೇ ಮಾಡಬೇಕು, ಇಲ್ಲವಾದರೆ ಬಿರುಕು ತುಂಬಿದ ಹಣ ಎರಡು ಹಂಗಾಮಿನಲ್ಲಿ ಕೊಚ್ಚಿಹೋಗುತ್ತದೆ. ಗಟ್ಟಿಯಾದ 1,900 ಮೀಟರಿಗೆ ಕೈ ಹಾಕಬೇಡಿ. ಅಲ್ಲಿ ಹೂಳು ತೆಗೆಯುವಾಗ ಜೆಸಿಬಿ ಬಕೆಟ್ ತಳ ಕೆರೆಯದಂತೆ ನೋಡಿಕೊಂಡರೆ ಅದೇ ದೊಡ್ಡ ರಕ್ಷಣೆ.

ಸರದಿ ಮುಗಿದಾಗ ಗೇಟನ್ನು ಒಮ್ಮೆಲೇ ಇಳಿಸದೆ ಮಟ್ಟ ಗಂಟೆಗೆ 15 ಸೆಂ.ಮೀ.ಗಿಂತ ವೇಗವಾಗಿ ಇಳಿಯದಂತೆ ನೀರಗಂಟಿಗೆ ಬರಹದಲ್ಲಿ ಸೂಚನೆ ಕೊಡಬೇಕು. ಹೊಸ ಹೊದಿಕೆ ಹಾಕಿದ ವರ್ಷ ಇದು ಇನ್ನೂ ಮುಖ್ಯ.

ಕಾಮಗಾರಿಯ ಅಂತಿಮ ಬಿಲ್ಲಿಗೆ ಮುಂಚೆ, ಅದೇ ಮೂರನೆಯ ಕೊಳವನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಿ, ಒಂದು ದಿನ ನೆನೆಸಿ, ಗಂಟೆಗೊಮ್ಮೆ ಮಟ್ಟ ಬರೆಯಬೇಕು. ದಿನಕ್ಕೆ 52 ಮಿ.ಮೀ. ಒಳಗಿದ್ದರೆ ಕೆಲಸ ಒಪ್ಪಿಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದು ಇಳಿಕೆ ಮತ್ತೆ ಯಾವುದೋ ಒಂದು ಮಟ್ಟದಲ್ಲಿ ಥಟ್ಟನೆ ನಿಂತರೆ, ಆ ಎತ್ತರದ ಸಂದನ್ನೂ ಮೋರಿಯ ಗೋಡೆಯ ಅಂಚನ್ನೂ ಬಿಚ್ಚಿಸಿ ನೋಡಿದ ಮೇಲೆಯೇ ಸಹಿ ಹಾಕಬೇಕು.